ಅಮ್ಮನ ಆಪರೇಷನ್ ಖರ್ಚು ಹಂಚಿಕೊಳ್ಳಲು ಅಣ್ಣನಿಗೆ ಬರೆದ ಪತ್ರ, ಕಳಿಸುವ ಮುಂಚೆ ಒಮ್ಮೆ ನೋಡಿ

ಸಾಗರದ_ತಂಗಿ

ನಾವು ಇಬ್ಬರೇ ಮಕ್ಕಳು. ಅಣ್ಣ ಪುಣೆಯಲ್ಲಿದ್ದಾನೆ, ನಾನು ಸಾಗರದಲ್ಲಿ. ಅಪ್ಪ ಅಮ್ಮ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಅಮ್ಮನಿಗೆ 71 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಎಡ ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಕೀಲಿಗೆ ಇಂಪ್ಲಾಂಟ್ ಹಾಕಿದ್ದಾರೆ. ಈಗ ವಾಕರ್ ಹಿಡಿದು ಅಡುಗೆಮನೆವರೆಗೂ ಬರುತ್ತಾರೆ.

ದುಡ್ಡಿನ ಮಾತು ಫೋನಲ್ಲಿ ಎತ್ತಿದರೆ ಅಣ್ಣ "ಆಯ್ತು ನೋಡೋಣ" ಅಂತಾನೆ. ನಂತರ ಇಬ್ಬರಿಗೂ ಮುಖ ಸಪ್ಪಗಾಗುತ್ತೆ. ಅದಕ್ಕೆ ಬಿಲ್ ಎಲ್ಲ ಎದುರಿಗಿಟ್ಟುಕೊಂಡು ಪತ್ರ ಬರೆದಿದ್ದೇನೆ. ಲೆಕ್ಕದಲ್ಲಿ ಏನಾದರೂ ಬಿಟ್ಟಿದ್ದೇನಾ, ಮಾತು ಚುಚ್ಚುವ ಹಾಗಿದೆಯಾ ಹೇಳಿ.

"ಅಣ್ಣ, ಅಮ್ಮ ಚೆನ್ನಾಗಿದ್ದಾಳೆ. ನಿನ್ನೆ ತಾನೇ ಎದ್ದು ದೇವರ ಮನೆಗೆ ಹೋಗಿದ್ದಳು. ಇದು ಖರ್ಚಿನ ವಿಷಯಕ್ಕೆ ಬರೆಯುತ್ತಿರುವ ಪತ್ರ. ಬಿಲ್‌ಗಳ ಫೋಟೋ ಜೊತೆಗೇ ಕಳಿಸಿದ್ದೇನೆ.

ಆಸ್ಪತ್ರೆಯ ಫೈನಲ್ ಬಿಲ್ 2,34,000. ಅದರಲ್ಲಿ ರೂಮ್ ಆರು ದಿನಕ್ಕೆ ದಿನಕ್ಕೆ 4,500ರಂತೆ 27,000, ಐಸಿಯು ಒಂದು ದಿನ 6,000. ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್ ಸೇರಿ 80,500. ಇಂಪ್ಲಾಂಟ್ 48,000. ಔಷಧಿ ಮತ್ತು ಬಳಸಿ ಬಿಸಾಡುವ ಸಾಮಾನು 42,000. ಲ್ಯಾಬ್, ಎಕ್ಸ್‌ರೇ, ಎಕೋ 15,000. ಡಾಕ್ಟರ್ ವಿಸಿಟ್ ಮತ್ತು ನರ್ಸಿಂಗ್ 12,500. ರಿಜಿಸ್ಟ್ರೇಷನ್, ಫೈಲು, ಕಿಟ್ ಅಂತ 3,000. ನಾನು ಮೊದಲ ದಿನ ಕಟ್ಟಿದ 50,000 ಅಡ್ವಾನ್ಸ್ ಇದರೊಳಗೇ ವಜಾ ಆಗಿದೆ, ಬೇರೆ ಸೇರಿಸಿಲ್ಲ.

ಇನ್ಶೂರೆನ್ಸ್‌ನವರು ಕೊಟ್ಟಿದ್ದು 1,21,600. ಕೈಯಿಂದ ಹೋಗಿದ್ದು 1,12,400.

ಮನೆಗೆ ಬಂದ ಮೇಲೆ ಫಿಸಿಯೋ 24 ಸಲ ಬಂದರು, ಒಂದು ಸಲಕ್ಕೆ 500, ಒಟ್ಟು 12,000. ವಾಕರ್ ಮತ್ತು ಕಮೋಡ್ ಕುರ್ಚಿ 4,600. ಹಗಲು ನೋಡಿಕೊಳ್ಳುವ ಹೆಂಗಸಿಗೆ ದಿನಕ್ಕೆ 700, ನಲವತ್ತು ದಿನಕ್ಕೆ 28,000. ಔಷಧಿ, ಮತ್ತೊಂದು ಎಕ್ಸ್‌ರೇ 6,000. ಇದು 50,600. ಎರಡೂ ಸೇರಿ 1,63,000. ಅಪ್ಪ ತನ್ನ ಎಸ್‌ಬಿ ಖಾತೆಯಿಂದ 40,000 ಕೊಟ್ಟ. ಉಳಿದಿದ್ದು 1,23,000.

ನಿನ್ನ ಕೈಗೆ ಬರುವುದು ತಿಂಗಳಿಗೆ ಸುಮಾರು 1,20,000 ಅಂತ ನೀನೇ ಹೇಳಿದ್ದೆ. ನನಗೆ 60,000. ಹಾಗಾಗಿ ಮೂರು ಪಾಲು ಮಾಡಿ ಎರಡು ನೀನು, ಒಂದು ನಾನು ಹಾಕೋಣ. ನಿನ್ನದು 82,000, ನನ್ನದು 41,000. ನೀನು ಈಗಾಗಲೇ 30,000 ಕಳಿಸಿದ್ದೀಯ. ಇನ್ನು 52,000 ಆಗುತ್ತೆ. ಒಂದೇ ಸಲ ಬೇಡ, ನಾಲ್ಕು ತಿಂಗಳಲ್ಲಿ ಕೊಟ್ಟರೂ ಸಾಕು.

ಮುಂದಕ್ಕೆ ಇಬ್ಬರ ಮಾತ್ರೆ ತಿಂಗಳಿಗೆ 6,800 ಆಗುತ್ತಿದೆ. ಇನ್ಶೂರೆನ್ಸ್ ಪ್ರೀಮಿಯಂ ವರ್ಷಕ್ಕೆ 38,000. ತಿಂಗಳಿಗೆ 10,000 ಅಂತ ಒಂದು ಖಾತೆಗೆ ಹಾಕಿಬಿಡೋಣ. ನೀನು 6,500, ನಾನು 3,500. ನನ್ನ ಓಡಾಟ, ರಜೆ ಇದರಲ್ಲಿ ಸೇರಿಸಿಲ್ಲ. ಸೇರಿಸುವುದೂ ಇಲ್ಲ."

ಇಷ್ಟೇ. ಹೇಗಿದೆ?

ಸುಮ್ನೆ_ಓದುಗ

ಚೆನ್ನಾಗಿದೆ. ಕೊನೆಯ ಎರಡು ವಾಕ್ಯ ಮಾತ್ರ ತೆಗೆಯಿರಿ. "ಸೇರಿಸಿಲ್ಲ, ಸೇರಿಸುವುದೂ ಇಲ್ಲ" ಅಂದರೆ ಸೇರಿಸಿದ ಹಾಗೇ.

ಲಕ್ಷ್ಮಿ_ಟೀಚರ್

ಅಯ್ಯೋ, ಯಾಕೆ ತೆಗೀಬೇಕು? ಅದು ನಿಜ ತಾನೇ? ಆಸ್ಪತ್ರೆಯಲ್ಲಿ ಒಂದು ವಾರ ರಾತ್ರಿ ಮಲಗಿದ್ದು ಯಾರು? ಪುಣೆಯಿಂದ ದಿನಾ ವಿಡಿಯೋ ಕಾಲ್ ಮಾಡಿದರೆ ಬೆಡ್‌ಪ್ಯಾನ್ ತಾನೇ ಖಾಲಿಯಾಗುತ್ತಾ?

ಬೆಂಗಳೂರು_ದೊಡ್ಡಮಗ

ನಾನೂ ಇಂಥದ್ದೇ ಅಣ್ಣ, ಆ ಕಡೆಯ ಮಾತು ಹೇಳ್ತೀನಿ. ಬಿಲ್ ವಿವರ ಓಕೆ. ಅಷ್ಟು ಬಿಡಿಸಿ ಬರೆದರೆ ನನಗೆ ಸಮಾಧಾನವೇ ಆಗುತ್ತಿತ್ತು. ಆದರೆ ನನ್ನ ಸಂಬಳವನ್ನು ಪತ್ರದಲ್ಲಿ ನೋಡಿದರೆ ಮೈ ಉರಿಯುತ್ತೆ. 1,20,000 ಕೈಗೆ ಬರುತ್ತೆ, ನಿಜ. ಅದರಲ್ಲಿ ಮನೆ ಸಾಲದ ಕಂತು 46,000, ಇಬ್ಬರು ಮಕ್ಕಳ ಫೀಸು. ಸಾಗರದಲ್ಲಿ 60,000 ಅಂದರೆ ಪುಣೆಯ ಒಂದು ಲಕ್ಷಕ್ಕೆ ಸಮ. ಅರ್ಧ ಅರ್ಧ ಅನ್ನಿ, ಮಾತು ಮುಗಿಯುತ್ತೆ.

ತೋಟದ_ಮನೆ

@ಬೆಂಗಳೂರು_ದೊಡ್ಡಮಗ ಕಂತು ಕಟ್ಟಿದ ಮನೆ ಯಾರ ಹೆಸರಲ್ಲಿದೆ ಸ್ವಾಮಿ? ಅದು ಖರ್ಚಲ್ಲ, ನಿಮ್ಮ ಆಸ್ತಿ. ಅದನ್ನು ಕಳೆದು ಉಳಿದಿದ್ದನ್ನು ಮಾತ್ರ ಆದಾಯ ಅಂತೀರಾ?

ಬೆಂಗಳೂರು_ದೊಡ್ಡಮಗ

ತಿಂಗಳ ಕೊನೆಗೆ ಕೈಯಲ್ಲಿ ಇರೋದು ಇಟ್ಟಿಗೆ ಅಲ್ಲ, ದುಡ್ಡು ಅಲ್ವಾ. ಆಸ್ತಿ ಅಂತ ಬಿಡಿಸಿ ಮಾರಕ್ಕಾಗುತ್ತಾ ಒಂದು ಕೋಣೆ?

ಹಳೇ_ಪಾಲಿಸಿ

ಒಂದು ವಿಷಯ. ನಿಮ್ಮ ಪಾಲಿಸಿ 3 ಲಕ್ಷದ್ದಾ? ರೂಮ್ ಬಾಡಿಗೆಗೆ ಒಂದು ಪರ್ಸೆಂಟ್ ಮಿತಿ ಇರಬೇಕು. ಅಂದರೆ ದಿನಕ್ಕೆ 3,000. ನೀವು 4,500ರ ರೂಮ್ ತೆಗೆದುಕೊಂಡಿದ್ದೀರಿ. ಹಾಗೆ ಮಾಡಿದರೆ ಇಡೀ ಬಿಲ್ಲನ್ನೇ ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತಾರೆ. ಅದು ರೂಲ್. ನಮ್ಮ ಮಾವನವರಿಗೂ ಹಾಗೇ ಆಯಿತು. ಏನೂ ಮಾಡಕ್ಕಾಗಲ್ಲ.

ಸಾಗರದ_ತಂಗಿ

ಹೌದು, 3 ಲಕ್ಷ. ರೂಮ್ ಮಿತಿ 3,000, ಐಸಿಯುಗೆ 6,000. ಅದರ ಮೇಲೆ 20 ಪರ್ಸೆಂಟ್ ಕೋ-ಪೇ. ಸೆಟಲ್‌ಮೆಂಟ್ ಪತ್ರದಲ್ಲಿ ಒಟ್ಟು 82,000 ಕಟ್ ಮಾಡಿ 1,52,000 ಒಪ್ಪಿದ್ದಾರೆ. ಅದರ 20 ಪರ್ಸೆಂಟ್ 30,400 ನಮ್ಮದು.

ಕ್ಲೇಮ್_ಮಾಮ

ಇಪ್ಪತ್ತು ವರ್ಷ ಕ್ಲೇಮ್ ವಿಭಾಗದಲ್ಲಿದ್ದೆ. ತಂಗಿ, ಪತ್ರ ಇನ್ನೂ ಕಳಿಸಬೇಡಮ್ಮ. ಮೊದಲು ಆ ಸೆಟಲ್‌ಮೆಂಟ್ ಪತ್ರದಲ್ಲಿ ಯಾವ ಸಾಲಿನಲ್ಲಿ ಎಷ್ಟು ಕಟ್ ಆಗಿದೆ ಅಂತ ಹಾಕು. @ಹಳೇ_ಪಾಲಿಸಿ ಹೇಳಿದ್ದು ಅರ್ಧ ಸರಿ. ಇಡೀ ಬಿಲ್ ಅಲ್ಲ.

ಸಾಗರದ_ತಂಗಿ

ಹಾಕ್ತೀನಿ ಮಾಮ. ಔಷಧಿ ಸಾಮಾನಿನಲ್ಲಿ ಗ್ಲೌಸ್, ಮಾಸ್ಕ್, ಡೈಪರ್ ಅಂತ 6,000 ಕೊಡಲ್ಲ ಅಂದಿದ್ದಾರೆ, ರಿಜಿಸ್ಟ್ರೇಷನ್ 3,000 ಕೊಡಲ್ಲ. ರೂಮಿನಲ್ಲಿ 9,000 ಕಟ್. ಸರ್ಜನ್, ಥಿಯೇಟರ್, ಡಾಕ್ಟರ್ ವಿಸಿಟ್, ನರ್ಸಿಂಗ್ ಎಲ್ಲ ಸೇರಿ 93,000, ಅದರಲ್ಲಿ ಮೂರನೇ ಒಂದು ಪಾಲು 31,000 ಕಟ್. ಇಂಪ್ಲಾಂಟ್‌ನಲ್ಲಿ 16,000, ಉಳಿದ ಔಷಧಿ 36,000ದಲ್ಲಿ 12,000, ಲ್ಯಾಬ್‌ನಲ್ಲಿ 5,000. ಕೂಡಿಸಿದರೆ 82,000.

ಕ್ಲೇಮ್_ಮಾಮ

ನಾನು ಅಂದುಕೊಂಡ ಹಾಗೇ ಇದೆ.

ರೂಮ್ ಮಿತಿ ಮೀರಿದರೆ ಮೂರನೇ ಒಂದು ಪಾಲು ಕಟ್ ಮಾಡುವುದು ಯಾಕೆ? ದುಬಾರಿ ರೂಮಿಗೆ ಹೋದರೆ ಎಷ್ಟೋ ಆಸ್ಪತ್ರೆಗಳಲ್ಲಿ ಸರ್ಜನ್ ಫೀಸು, ನರ್ಸಿಂಗ್ ಎಲ್ಲ ಏರುತ್ತೆ. ಆ ಏರಿಕೆ ನಾವು ಕೊಡಲ್ಲ ಅನ್ನುವುದು ಕಂಪನಿ ವಾದ. ಆದರೆ ಇಂಪ್ಲಾಂಟ್‌ಗೆ, ಮಾತ್ರೆಗೆ, ರಕ್ತ ಪರೀಕ್ಷೆಗೆ ರೂಮು ಯಾವುದಾದರೇನು? ಅದಕ್ಕೇ 2020ರಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಇದನ್ನು ಬಿಡಿಸಿ ಹೇಳಿತು. ಔಷಧಿ ಮತ್ತು ಬಳಕೆ ಸಾಮಾನು, ಇಂಪ್ಲಾಂಟ್, ಪರೀಕ್ಷೆ ಈ ಮೂರನ್ನು ಈ ಕಡಿತಕ್ಕೆ ಸೇರಿಸುವಂತಿಲ್ಲ. ಐಸಿಯು ಬಾಡಿಗೆಯೂ ಅಷ್ಟೇ. ನಿನ್ನ ಪಾಲಿಸಿ ಪುಸ್ತಕದಲ್ಲಿ "ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್" ಅಂತ ಒಂದು ಕಡೆ ವಿವರಣೆ ಇರುತ್ತೆ. ಅಲ್ಲಿ ಈ ಮೂರು ಹೊರಗಿದೆ ಅಂತ ಬರೆದಿದ್ದರೆ ಕೆಲಸ ಸುಲಭ. ತೀರಾ ಹಳೇ ಪುಸ್ತಕ ಇಟ್ಟುಕೊಂಡಿದ್ದರೆ ಕಳೆದ ರಿನ್ಯೂವಲ್ ಜೊತೆ ಬಂದ ಪುಸ್ತಕ ನೋಡು.

ಇನ್ನು ಲೆಕ್ಕ. 16,000, 12,000, 5,000 ಸೇರಿ 33,000. ಕೋ-ಪೇ 20 ಪರ್ಸೆಂಟ್ ಅದಕ್ಕೂ ಬೀಳುತ್ತೆ. ಹಾಗಾಗಿ ವಾಪಸ್ ಬರಬೇಕಾಗಿದ್ದು 26,400. ಕೈಯಿಂದ ಹೋಗಿದ್ದು 1,12,400 ಅಲ್ಲ, 86,000. ಅಣ್ಣನ ಹತ್ತಿರ ಕೇಳುವ ಮುಂಚೆ ಕಂಪನಿ ಹತ್ತಿರ ಕೇಳು.

ಹಳೇ_ಪಾಲಿಸಿ

ಹೌದಾ? ನಮ್ಮ ಮಾವನವರ ಸ್ಟೆಂಟ್‌ಗೂ ಕಟ್ ಮಾಡಿದ್ದರು. 2022ರದ್ದು.

ಕ್ಲೇಮ್_ಮಾಮ

ಆಗ ಕಂಪನಿಗೆ ಬರಹದಲ್ಲಿ ದೂರು ಕೊಟ್ಟಿದ್ದೀರಾ?

ಹಳೇ_ಪಾಲಿಸಿ

ಇಲ್ಲ. ಏಜೆಂಟ್ "ರೂಲ್" ಅಂದ, ಸುಮ್ಮನಾದೆವು.

ಹುಬ್ಬಳ್ಳಿ_ಹುಡುಗ

ನಮ್ಮದು ಬ್ಯಾರೆ ಕಥಿ. ಅಪ್ಪಗ ಡಯಾಲಿಸಿಸ್, ವಾರಕ್ಕ ಮೂರು ಸಲ. ನಾವು ಮೂರು ಜನ ಮಕ್ಕಳು. ಮೊದಲು ತಿಂಗಳಿಗೊಬ್ಬರು ಅಂತ ಪಾಳಿ ಹಚ್ಚಿದ್ವಿ. ನನ್ನ ಪಾಳಿ ತಿಂಗಳದಾಗ ಅಪ್ಪಗ ಸೋಂಕು ಆಗಿ ಐಸಿಯು. ಅಣ್ಣನ ತಿಂಗಳ ಆರಾಮ. ಆವಾಗ ಜಗಳ ಶುರು. ಈಗ ವಾಟ್ಸಾಪ್‌ನಾಗ ಬಿಲ್ ಫೋಟೋ ಹಾಕೋದು, ತಿಂಗಳ ಕೊನಿಗೆ ಕೂಡಿಸಿ ಮೂರು ಪಾಲು. ಪಾಳಿ ಪದ್ಧತಿ ಮಾತ್ರ ಯಾರೂ ಮಾಡಬ್ಯಾಡ್ರಿ.

ಲಕ್ಷ್ಮಿ_ಟೀಚರ್

ಮೂರು ಪಾಲು ಸಮ ಸಮನಾ? ನಿಮ್ಮ ಅಕ್ಕ ಕೆಲಸಕ್ಕೆ ಹೋಗ್ತಾರಾ?

ಹುಬ್ಬಳ್ಳಿ_ಹುಡುಗ

ಅಕ್ಕ ಮನ್ಯಾಗ ಇರ್ತಾಳ. ಅಕಿ ಪಾಲು ಭಾವ ಕೊಡ್ತಾನ. ಕೊಡುವಾಗ ಒಂದು ಮಾತು ಅಂತಾನ ಖರೆ.

ಗಣಪತಿ_ಕಟ್ಟೆ

ಅದೇ ನಾನು ಹೇಳಬೇಕು ಅಂತಿದ್ದೆ. ಮದುವೆ ಮಾಡಿ ಕೊಟ್ಟ ಮಗಳು ಯಾಕೆ ಪಾಲು ಹಾಕಬೇಕು? ಅಪ್ಪ ಅಮ್ಮನ ಜವಾಬ್ದಾರಿ ಗಂಡು ಮಗನದ್ದು. ಕೋರ್ಟಿಗೆ ಹೋದರೂ ಹಾಗೇ ಆಗುತ್ತೆ. ಕೇಸ್ ಹಾಕಿ.

ತೋಟದ_ಮನೆ

ಯಾರು ಕೇಸ್ ಅಂದರು? ಪತ್ರ ಹೇಗಿದೆ ಅಂತ ಕೇಳಿದ್ದಾರೆ ಅಷ್ಟೇ.

ಮತ್ತೆ ಕಾನೂನೂ ಹಾಗಿಲ್ಲ. ಹಿರಿಯ ನಾಗರಿಕರ 2007ರ ಕಾಯಿದೆಯಲ್ಲಿ ಮಕ್ಕಳು ಅಂದರೆ ಮಗನೂ ಹೌದು, ಮಗಳೂ ಹೌದು. ಮದುವೆ ಆಯಿತೋ ಇಲ್ಲವೋ ಅಂತ ನೋಡಲ್ಲ. ಎಸಿ ಕಚೇರಿಯ ನ್ಯಾಯಮಂಡಳಿಗೆ ಹೋಗಬೇಕಾದವರು ತಂದೆ ತಾಯಿ, ಒಬ್ಬ ಮಗು ಇನ್ನೊಬ್ಬರ ಮೇಲೆ ಅಲ್ಲ. ಆಸ್ತಿಯಲ್ಲಿ ಸಮಪಾಲು ಬೇಕು, ಖರ್ಚಲ್ಲಿ ಬೇಡ ಅಂದರೆ ಹೇಗೆ?

ಗಣಪತಿ_ಕಟ್ಟೆ

ಆಸ್ತಿ ಮಾತು ಬಂತು ನೋಡಿ. ತೋಟ ಯಾರಿಗೆ ಅಂತ ಮೊದಲು ಬರೆಸಿಕೊಳ್ಳಲಿ. ಆಮೇಲೆ ಖರ್ಚು.

ಸಾಗರದ_ತಂಗಿ

ತೋಟ ಮುಕ್ಕಾಲು ಎಕರೆ. ಅಡಿಕೆ ಬಂದ ವರ್ಷ ಬಂತು. ಅದು ಅಪ್ಪನದ್ದು, ಅದರ ಮಾತು ಈ ಪತ್ರದಲ್ಲಿ ಬರಲ್ಲ. ದಯವಿಟ್ಟು.

ಆಡಿಟರ್_ಕೈಬರಹ

ತೆರಿಗೆ ಬಗ್ಗೆ ಯಾರೂ ಹೇಳಲಿಲ್ಲ. 80ಡಿ ಅಡಿ ಹಿರಿಯ ನಾಗರಿಕ ತಂದೆ ತಾಯಿಗೆ 50,000 ತನಕ ವಿನಾಯಿತಿ ಇದೆ. ಪ್ರೀಮಿಯಂ ಅಷ್ಟೇ ಅಲ್ಲ, ಆಸ್ಪತ್ರೆ ಖರ್ಚನ್ನೂ ತೋರಿಸಬಹುದು. ಹಾಗಾಗಿ ಈ ಒಂದು ಲಕ್ಷದಲ್ಲಿ ಅರ್ಧಕ್ಕೆ ತೆರಿಗೆ ಉಳಿಯುತ್ತೆ. ಆ ಉಳಿತಾಯವನ್ನೂ ಹಂಚಿಕೊಳ್ಳಿ.

ಕ್ಲೇಮ್_ಮಾಮ

ಆಸ್ಪತ್ರೆ ಖರ್ಚನ್ನು ತೋರಿಸಬಹುದು, ಆದರೆ ಆ ಹಿರಿಯರಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಮಾತ್ರ. ಇವರ ಅಮ್ಮನಿಗೆ ಪಾಲಿಸಿ ಇದೆಯಲ್ಲ. ಪ್ರೀಮಿಯಂ ಮಾತ್ರ ಬರುತ್ತೆ. ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ.

ಆಡಿಟರ್_ಕೈಬರಹ

ಹೌದು, ಅದು ಸರಿ. ಪ್ರೀಮಿಯಂ 38,000 ಯಾರ ಖಾತೆಯಿಂದ ಹೋಗುತ್ತೋ ಅವರಿಗೇ ವಿನಾಯಿತಿ. ಆ ಜಂಟಿ ಖಾತೆಯಿಂದ ಅಪ್ಪನ ಹೆಸರಲ್ಲಿ ಕಟ್ಟಿದರೆ ಮಕ್ಕಳಿಬ್ಬರಿಗೂ ಸಿಗಲ್ಲ. ಅಣ್ಣ ಹಳೇ ಪದ್ಧತಿಯಲ್ಲಿದ್ದರೆ ಅವನೇ ತನ್ನ ಖಾತೆಯಿಂದ ನೇರ ಕಂಪನಿಗೆ ಕಟ್ಟಲಿ. ನಗದಾಗಿ ಕಟ್ಟಿದರೆ ಲೆಕ್ಕಕ್ಕೆ ಬರಲ್ಲ.

ಸಾಗರದ_ತಂಗಿ

ಅಣ್ಣ ಹಳೇ ಪದ್ಧತಿಯಲ್ಲೇ ಇದ್ದಾನೆ, ಮನೆ ಸಾಲ ಇರೋದರಿಂದ. ಇದು ಒಳ್ಳೆಯ ದಾರಿ. ಪ್ರೀಮಿಯಂ ಅವನು ಕಟ್ಟಿದರೆ ಅವನ ವರ್ಷದ 78,000 ಪಾಲಿನಲ್ಲಿ 38,000 ಅಲ್ಲೇ ಮುಗಿಯುತ್ತೆ. ಉಳಿದ 40,000 ಮಾತ್ರ ಖಾತೆಗೆ ಹಾಕಬೇಕು. ಅವನಿಗೂ "ತಂಗಿಗೆ ಕಳಿಸಿದೆ" ಅನ್ನುವ ಭಾವನೆ ಇರಲ್ಲ.

ಬೆಂಗಳೂರು_ದೊಡ್ಡಮಗ

ಇದು ನನಗೂ ಇಷ್ಟವಾಯಿತು. ನಿಜ ಹೇಳಬೇಕಂದರೆ ತಂಗಿ ಖಾತೆಗೆ ದುಡ್ಡು ಹಾಕುವಾಗ ನನ್ನ ಹೆಂಡತಿ "ಎಲ್ಲಿಗೆ ಹೋಯ್ತು" ಅಂತ ಕೇಳ್ತಾಳೆ. ಕಂಪನಿ ರಸೀದಿ ಇದ್ದರೆ ಕೇಳಲ್ಲ.

ಲಕ್ಷ್ಮಿ_ಟೀಚರ್

ಕೇಳಲಿ ಬಿಡಿ, ಅವರದ್ದೂ ದುಡ್ಡು ತಾನೇ. ಪತ್ರ ಅತ್ತಿಗೆಯೂ ಓದ್ತಾರೆ ಅಂತ ಅಂದುಕೊಂಡೇ ಬರೆಯಮ್ಮ.

ಆದರೆ ಒಂದು ಪ್ರಶ್ನೆ. 4,500ರ ರೂಮ್ ಯಾರು ಆರಿಸಿದರು? ಮಿತಿ 3,000 ಅಂತ ಗೊತ್ತಿರಲಿಲ್ವಾ?

ಸಾಗರದ_ತಂಗಿ

ಇಬ್ಬರು ಇರುವ ರೂಮ್ 3,000ಕ್ಕೇ ಇತ್ತು. ಅಣ್ಣ ಫೋನಲ್ಲಿ "ಅಮ್ಮನಿಗೆ ಒಬ್ಬಳೇ ಇರೋ ರೂಮ್ ತಗೋ, ದುಡ್ಡು ನೋಡಬೇಡ" ಅಂದ. ಇನ್ಶೂರೆನ್ಸ್ ಡೆಸ್ಕ್‌ನವರು ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡರು. "ವ್ಯತ್ಯಾಸ ನೀವು ಕಟ್ಟಬೇಕು" ಅಂದರು. ದಿನಕ್ಕೆ 1,500 ಅಲ್ವಾ, ಆರು ದಿನಕ್ಕೆ 9,000, ಹೋಗಲಿ ಅಂದುಕೊಂಡೆವು.

ಲಕ್ಷ್ಮಿ_ಟೀಚರ್

ಹಾಗಾದರೆ ರೂಮಿನಿಂದ ಆದ ಕಡಿತ ಪೂರ್ತಿ ಅಣ್ಣನ ತಲೆಗೇ ಬರಬೇಕು! 9,000 ಅಂದುಕೊಂಡಿದ್ದು 40,000 ಆಗಿದೆ.

ಕ್ಲೇಮ್_ಮಾಮ

ಟೀಚರಮ್ಮ, ಆ ಮಾತು ಪತ್ರದಲ್ಲಿ ಬಂದರೆ ಪತ್ರ ಅಲ್ಲಿಗೇ ಹರಿಯುತ್ತೆ. ಅಮ್ಮನ ಮೇಲಿನ ಪ್ರೀತಿಗೆ ಹೇಳಿದ್ದು ಅದು. 9,000 ನಿಜವಾದ ರೂಮ್ ವ್ಯತ್ಯಾಸ, ಅದು ಹೋಯಿತು ಅಂತಲೇ ಇಟ್ಟುಕೊಳ್ಳಿ. ಉಳಿದ 31,000ಕ್ಕೆ ಇನ್ನೊಂದು ದಾರಿ ಇದೆ.

ಆ ಆಸ್ಪತ್ರೆಯಲ್ಲಿ ಸರ್ಜನ್ ಫೀಸು, ಥಿಯೇಟರ್ ಬಾಡಿಗೆ ಎಲ್ಲ ರೂಮಿಗೂ ಒಂದೇ ದರವಾ? ರೂಮಿಗೊಂದು ದರ ಅಂತ ಇಲ್ಲದ ಆಸ್ಪತ್ರೆಯಲ್ಲಿ ಈ ಪ್ರಮಾಣದ ಕಡಿತವನ್ನೇ ಮಾಡುವಂತಿಲ್ಲ. ಅದೂ ಅದೇ ನಿಯಮದಲ್ಲಿದೆ. ಊರು ಕಡೆಯ ಮಧ್ಯಮ ಆಸ್ಪತ್ರೆಗಳಲ್ಲಿ ಎಷ್ಟೋ ಸಲ ಒಂದೇ ದರ ಇರುತ್ತೆ. ಬಿಲ್ಲಿಂಗ್ ವಿಭಾಗದಿಂದ ದರಪಟ್ಟಿ ಕೇಳು. ಎರಡು ರೂಮಿಗೂ ಒಂದೇ ಅಂತ ಇದ್ದರೆ ಅದನ್ನು ಅವರ ಲೆಟರ್‌ಹೆಡ್‌ನಲ್ಲಿ ಬರೆಸಿಕೋ. 31,000ದಲ್ಲಿ ಕೋ-ಪೇ ಕಳೆದು 24,800 ಬರಬಹುದು. ಬರಬಹುದು ಅಂತಷ್ಟೇ ಹೇಳ್ತೀನಿ. ಇಂಪ್ಲಾಂಟ್ ವಿಷಯದಷ್ಟು ಗಟ್ಟಿ ಇದಲ್ಲ, ಕಂಪನಿಗಳು ಇಲ್ಲಿ ವಾದ ಮಾಡುತ್ತವೆ.

ಮೂಳೆ_ಮಾತು

ಖರ್ಚಿನ ವಿಷಯ ನನಗೆ ಗೊತ್ತಿಲ್ಲ, ನಾನು ಫಿಸಿಯೋ. ಎಪ್ಪತ್ತು ದಾಟಿದವರಿಗೆ ಒಂದು ಸೊಂಟ ಮುರಿದರೆ ಮುಂದಿನದು ಮುರಿಯುವ ಅಪಾಯ ಜಾಸ್ತಿ. ಮೂಳೆ ಸಾಂದ್ರತೆ ಪರೀಕ್ಷೆ, ವಿಟಮಿನ್ ಡಿ ಆಯಿತಾ? ಬಚ್ಚಲಲ್ಲಿ ಹಿಡಿಕೆ ಹಾಕಿಸಿದ್ದೀರಾ? ಆ ಖರ್ಚೂ ಹಂಚಿಕೆಯಲ್ಲಿ ಬರಲಿ.

ತೋಟದ_ಮನೆ

ಹಿಡಿಕೆ ಹಾಕಿಸುವಾಗ ಟೈಲ್ಸ್ ಮೇಲೆ ಅಂಟಿಸುವಂಥದ್ದು ಬೇಡ. ಗೋಡೆಗೆ ಕೊರೆದು ಹಾಕುವ ಸ್ಟೀಲಿನದೇ ಆಗಬೇಕು. ನಮ್ಮ ಅತ್ತೆ ಅಂಟಿಸಿದ್ದನ್ನು ಹಿಡಿದೇ ಬಿದ್ದರು.

ಸುಮ್ನೆ_ಓದುಗ

ನೆಲಕ್ಕೆ ಕಡಪ ಕಲ್ಲು ಹಾಕಿ. ಹಳೇ ಬಚ್ಚಲಲ್ಲಿ ಯಾರೂ ಜಾರ್ತಿರಲಿಲ್ಲ.

ಮೂಳೆ_ಮಾತು

ಜಾರ್ತಿದ್ದರು ಸಾರ್. ಆಗ ಆಪರೇಷನ್ ಇರಲಿಲ್ಲ, ಮೂಲೆ ಹಿಡಿದು ಮಲಗುತ್ತಿದ್ದರು.

ಕ್ಲೇಮ್_ಮಾಮ

ಫಿಸಿಯೋ ಮಾತು ಬಂದಿದ್ದು ಒಳ್ಳೇದಾಯಿತು. ತಂಗಿ, ಡಿಸ್ಚಾರ್ಜ್ ಆದ ಮೇಲಿನ ಖರ್ಚು ಕ್ಲೇಮ್ ಮಾಡಿದ್ದೀಯಾ? ಬಹಳ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ನಂತರ 60 ದಿನದ ಖರ್ಚು ಬರುತ್ತೆ, ಕೆಲವದರಲ್ಲಿ 90. ಔಷಧಿ, ಎಕ್ಸ್‌ರೇ ಬರುತ್ತೆ. ಫಿಸಿಯೋ ಬೇಕು ಅಂತ ಡಾಕ್ಟರ್ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದ್ದರೆ ಅದೂ ಬರುವ ಸಾಧ್ಯತೆ ಇದೆ. ನೋಡಿಕೊಳ್ಳುವ ಹೆಂಗಸಿನ ಸಂಬಳ, ವಾಕರ್, ಕಮೋಡ್ ಕುರ್ಚಿ ಸಾಮಾನ್ಯವಾಗಿ ಬರಲ್ಲ.

ಸಾಗರದ_ತಂಗಿ

ಕ್ಯಾಶ್‌ಲೆಸ್ ಆದ ಮೇಲೆ ಮತ್ತೆ ಕ್ಲೇಮ್ ಮಾಡಬಹುದಾ? ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ "ಆರು ವಾರ ಫಿಸಿಯೋಥೆರಪಿ" ಅಂತ ಇದೆ. ಇನ್ನೂ 60 ದಿನ ಆಗಿಲ್ಲ.

ಕ್ಲೇಮ್_ಮಾಮ

ಮಾಡಬಹುದು. ಅದು ಬೇರೆ ಅರ್ಜಿ. ಕ್ಯಾಶ್‌ಲೆಸ್ ಆಸ್ಪತ್ರೆಯವರು ಮಾಡಿದ್ದು, ಇದು ನೀನೇ ಮಾಡಬೇಕು. ಅವಧಿ ಮುಗಿದ ಮೇಲೆ 15 ದಿನದೊಳಗೆ ಕೊಡಿ ಅಂತ ಸಾಮಾನ್ಯವಾಗಿ ಇರುತ್ತೆ, ನಿನ್ನದರಲ್ಲಿ ಎಷ್ಟು ಅಂತ ನೋಡಿಕೋ. ಫಿಸಿಯೋ 12,000 ಮತ್ತು ಔಷಧಿ ಎಕ್ಸ್‌ರೇ 6,000, ಒಟ್ಟು 18,000. ಕೋ-ಪೇ ಕಳೆದರೆ 14,400. ಆದರೆ ಫಿಸಿಯೋ ಪ್ರತಿ ಸಲ ರಸೀದಿ ಕೊಟ್ಟಿದ್ದಾರಾ?

ಸಾಗರದ_ತಂಗಿ

ಇಲ್ಲ. ಫೋನ್‌ಪೇ ಮಾಡಿದ್ದೇನೆ ಅಷ್ಟೇ.

ಮೂಳೆ_ಮಾತು

ಅವರನ್ನು ಕೇಳಿ. ಬಂದ ದಿನಾಂಕಗಳನ್ನು ಬರೆದು, ಸಹಿ ಮತ್ತು ನೋಂದಣಿ ಸಂಖ್ಯೆ ಹಾಕಿ ಒಂದು ಬಿಲ್ ಕೊಡ್ತಾರೆ. ನಾನು ಕೊಡ್ತೀನಿ. ಫೋನ್‌ಪೇ ದಿನಾಂಕ ಅದಕ್ಕೆ ಹೊಂದಬೇಕು.

ಬೆಂಗಳೂರು_ದೊಡ್ಡಮಗ

ಹಾಗಾದರೆ ಈಗ ಅಣ್ಣನಿಂದ ಎಷ್ಟು ಕೇಳಬೇಕು? 52,000 ಅಂತ ಕೇಳಿ ಆಮೇಲೆ ಕಂಪನಿ ದುಡ್ಡು ಬಂದರೆ "ತಂಗಿ ಜಾಸ್ತಿ ಕೇಳಿದಳು" ಅಂತ ಆಗುತ್ತೆ. ಕೇಳದೇ ಇದ್ದರೆ ಅವಳ ಕೈಯಿಂದ ಹೋಗಿದ್ದು ಅಲ್ಲೇ ಇರುತ್ತೆ.

ಆಡಿಟರ್_ಕೈಬರಹ

ಎರಡು ಭಾಗ ಮಾಡಿ. ಖಚಿತ ಖರ್ಚು ಒಂದು ಕಡೆ, ವಾಪಸ್ ಬರಬಹುದಾದ್ದು ಇನ್ನೊಂದು ಕಡೆ. ಗಟ್ಟಿಯಾಗಿ ಬರಬೇಕಾಗಿದ್ದು 26,400 ಮತ್ತು 14,400, ಒಟ್ಟು 40,800. ಆ 24,800 ಸದ್ಯಕ್ಕೆ ಬಿಡಿ. 1,23,000ದಲ್ಲಿ 40,800 ಕಳೆದರೆ 82,200. ಅಣ್ಣನ ಪಾಲು 54,800. ಕೊಟ್ಟ 30,000 ಕಳೆದರೆ ಈಗ 24,800 ಕೇಳಿದರೆ ಸಾಕು. ವಾಪಸ್ ಬರಲಿಲ್ಲ ಅಂದರೆ ಆಗ ಉಳಿದದ್ದನ್ನು ಅದೇ ಎರಡು ಒಂದರಲ್ಲಿ ಹಂಚಿ.

ಸುಮ್ನೆ_ಓದುಗ

24,800 ಎರಡು ಸಲ ಬಂತು, ತಲೆ ತಿರುಗಿತು. ಒಂದು ಸರ್ಜನ್ ಫೀಸಿನದ್ದು, ಒಂದು ಅಣ್ಣನದ್ದು ಅಲ್ವಾ?

ಆಡಿಟರ್_ಕೈಬರಹ

ಹೌದು, ಸುಮ್ಮನೆ ಕಾಕತಾಳೀಯ. ಪತ್ರದಲ್ಲಿ ಮೊದಲನೆಯದನ್ನು ಬರೆಯಲೇಬೇಡಿ.

ಲಕ್ಷ್ಮಿ_ಟೀಚರ್

ಅಂದರೆ ಕಂಪನಿ ದುಡ್ಡು ಬರುವವರೆಗೆ ಕಾಯುವ ಹೊರೆ ತಂಗಿಯದ್ದೇ. ಅವಳ ಕೈಯಿಂದ ಹೆಚ್ಚಿಗೆ ಹೋಗಿದ್ದು ಇದೆಯಲ್ಲ, ಅದು ಯಾರ ಲೆಕ್ಕ? ನನಗೆ ಇದು ಒಪ್ಪಿಗೆಯಿಲ್ಲ. ಪೂರ್ತಿ 52,000 ಕೇಳಲಿ, ಬಂದಾಗ ಅಣ್ಣನಿಗೆ ವಾಪಸ್ ಕೊಡಲಿ.

ತೋಟದ_ಮನೆ

ನನಗೆ ಆಡಿಟರ್ ಮಾತೇ ಸರಿ ಅನ್ಸುತ್ತೆ. ದುಡ್ಡು ಒಮ್ಮೆ ಕೊಟ್ಟ ಮೇಲೆ ವಾಪಸ್ ಕೊಡುವಾಗ ಲೆಕ್ಕ ಇನ್ನೂ ಕಷ್ಟ. ಆದರೆ ಸಂಬಳದ ಸಾಲು ತೆಗೆಯಿರಿ. "ಎರಡು ಪಾಲು ನೀನು, ಒಂದು ಪಾಲು ನಾನು ಅಂತ ನನಗನ್ನಿಸುತ್ತೆ, ನಿನಗೆ ಬೇರೆ ಅನ್ನಿಸಿದರೆ ಹೇಳು" ಅಂದರೆ ಸಾಕಲ್ವಾ?

ಬೆಂಗಳೂರು_ದೊಡ್ಡಮಗ

ಹಾಗೆ ಬರೆದರೆ ನಾನು ಅರ್ಧ ಅರ್ಧ ಅಂತ ಹೇಳಲ್ಲ, ನಿಜ. ಯಾಕೆ ಎರಡು ಪಾಲು ಅಂತ ಎಲ್ಲರಿಗೂ ಗೊತ್ತಿರುತ್ತೆ. ಅದನ್ನು ಬರೆದು ತೋರಿಸಿದರೆ ಸಿಟ್ಟು.

ಸಾಗರದ_ತಂಗಿ

ಸರಿ. ಆ ಭಾಗ ಹೀಗೆ ಬದಲಿಸಿದ್ದೇನೆ:

"ಅಣ್ಣ, ಇನ್ಶೂರೆನ್ಸ್‌ನವರು ಇಂಪ್ಲಾಂಟ್, ಔಷಧಿ, ಲ್ಯಾಬ್‌ನಲ್ಲಿ ಕಟ್ ಮಾಡಿದ್ದು ಸರಿಯಿಲ್ಲ ಅಂತ ಗೊತ್ತಾಗಿದೆ. 26,400 ಕೇಳುತ್ತಿದ್ದೇನೆ. ಮನೆಗೆ ಬಂದ ಮೇಲಿನ ಔಷಧಿ, ಫಿಸಿಯೋಗೂ ಅರ್ಜಿ ಹಾಕುತ್ತೇನೆ, 14,400 ಬರಬಹುದು. ಅವೆರಡನ್ನು ಬಿಟ್ಟು ಉಳಿದಿದ್ದು 82,200. ಇದರಲ್ಲಿ ಎರಡು ಪಾಲು ನೀನು, ಒಂದು ಪಾಲು ನಾನು ಅಂತ ನನಗನ್ನಿಸುತ್ತೆ. ಬೇರೆ ಅನ್ನಿಸಿದರೆ ಹೇಳು. ನೀನು ಕಳಿಸಿದ 30,000 ಕಳೆದು 24,800. ಕಂಪನಿಯಿಂದ ಬರಲಿಲ್ಲ ಅಂದರೆ ಆ ನಷ್ಟವನ್ನೂ ಹಾಗೇ ಹಂಚಿಕೊಳ್ಳೋಣ. ಪಾಲಿಸಿಯಲ್ಲಿ ಅಪ್ಪನ ಹೆಸರಿದೆ, ದೂರಿನ ಕಾಗದಕ್ಕೆ ಅವನದ್ದೇ ಸಹಿ ಬೇಕು. ಈ ಪ್ರೀಮಿಯಂ ಇನ್ನು ಮೇಲೆ ನೀನೇ ನಿನ್ನ ಖಾತೆಯಿಂದ ಕಟ್ಟಿಬಿಡು, ನಿನಗೆ ತೆರಿಗೆಗೂ ಆಗುತ್ತೆ."

ಓಡಾಟದ ಸಾಲು ತೆಗೆದೆ. ಟೀಚರ್ ಬೈಯಬೇಡಿ.

ಲಕ್ಷ್ಮಿ_ಟೀಚರ್

ಬೈಯಲ್ಲ. ಆದರೆ ಆ ಹಗಲು ಹೆಂಗಸು ಬಿಟ್ಟ ಮೇಲೆ ಆ ಕೆಲಸ ನಿನ್ನ ತಲೆಗೇ ಬರುತ್ತೆ. ತಿಂಗಳಿಗೆ 10,000ದಲ್ಲಿ ಅದಿಲ್ಲ, ಮಾತ್ರೆ ಪ್ರೀಮಿಯಂಗೇ ಸರಿಹೋಯಿತು. ಯೋಚನೆ ಮಾಡು.

ಸಾಗರದ_ತಂಗಿ

ಅದು ನಿಜ. ಅಮ್ಮ ವಾಕರ್ ಬಿಟ್ಟ ಮೇಲೆ ನೋಡ್ತೀನಿ.

ಹಳೇ_ಪಾಲಿಸಿ

ಕ್ಲೇಮ್ ಮಾಮ, ಕಂಪನಿ ಇಲ್ಲ ಅಂದರೆ ಎಲ್ಲಿಗೆ? ನಮ್ಮ 2022ರದ್ದಕ್ಕೂ ಆಗುತ್ತಾ?

ಕ್ಲೇಮ್_ಮಾಮ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಇಮೇಲ್. ಸೆಟಲ್‌ಮೆಂಟ್ ಪತ್ರ, ಬಿಲ್, ಪಾಲಿಸಿ ಪುಸ್ತಕದ ಆ ಪುಟ ಮೂರೂ ಲಗತ್ತಿಸಬೇಕು. ಒಂದು ತಿಂಗಳು ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಾಗಲಿಲ್ಲ ಅಂದರೆ ಇಂಥ ದೂರು ಕೇಳಿ ತೀರ್ಮಾನಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ. ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು. ನಿಮ್ಮದು ಬರಹದಲ್ಲಿ ದೂರೇ ಕೊಟ್ಟಿಲ್ಲವಲ್ಲ, ಕಷ್ಟ. ಆದರೂ ಒಂದು ಇಮೇಲ್ ಹಾಕಿ ನೋಡಿ, ಖರ್ಚೇನೂ ಇಲ್ಲ.

ಹುಬ್ಬಳ್ಳಿ_ಹುಡುಗ

ಮಾಮಾರ, ನಮ್ಮ ಅಪ್ಪನ ಐಸಿಯು ಬಿಲ್‌ನಾಗೂ ಔಷಧಿಗೆ ಕಟ್ ಮಾಡ್ಯಾರ. ಫೋಟೋ ಹಾಕ್ಲ್ಯಾ?

ಕ್ಲೇಮ್_ಮಾಮ

ಹಾಕಪ್ಪ. ಹೆಸರು, ಪಾಲಿಸಿ ನಂಬರ್ ಮುಚ್ಚಿ ಹಾಕು.